ಏಳನೆಯ ತಾರೀಖೋ, ಏಳನೆಯ ತಿಂಗಳೋ: ಅರಬ್ಬಿ ಅಂಕಿಗಳ ಒಂದು ಪ್ರಕರಣ

ಚಿಕ್ಕಮಗಳೂರಿನಲ್ಲಿ ನನ್ನದು ಪುಟವಿನ್ಯಾಸ ಮತ್ತು ಮುದ್ರಣದ ಸಣ್ಣ ಅಂಗಡಿ. ಮದುವೆ ಪತ್ರಿಕೆ, ಬಿಲ್ ಪುಸ್ತಕ, ಕಾಫಿ ಪುಡಿಯ ಪೊಟ್ಟಣಕ್ಕೆ ಅಂಟಿಸುವ ಚೀಟಿ, ಇವೇ ನಿತ್ಯದ ಕೆಲಸ. 2025ರ ಮೇ ತಿಂಗಳಲ್ಲಿ ಒಂದು ಹೋಂಸ್ಟೇಯ ದರಪಟ್ಟಿಯನ್ನು ಅರಬ್ಬಿಗೆ ತರುವ ಕೆಲಸ ಬಂತು. ಅದರಲ್ಲಿ ಆದ ಒಂದು ತಪ್ಪಿನಿಂದ ಒಂದು ಕುಟುಂಬದ ರಜೆಯ ದಿನ ಹಾಳಾಯಿತು. ಆ ತಪ್ಪು ಹೇಗೆ ನುಸುಳಿತು, ಆಮೇಲೆ ಅಂಕಿಗಳ ಬಗ್ಗೆ ನಾವು ಏನು ತೀರ್ಮಾನಿಸಿದೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾರ ಗುರುತೂ ಸಿಗದಂತೆ ಹೆಸರು, ಊರು ಮತ್ತು ಮೊತ್ತಗಳನ್ನು ಬದಲಿಸಿದ್ದೇನೆ. ಅಂಕಿಗಳ ನಡವಳಿಕೆಯನ್ನು ಮಾತ್ರ ಇದ್ದದ್ದು ಇದ್ದಂತೆಯೇ ಹೇಳಿದ್ದೇನೆ.

ಬಂದ ಚಿತ್ರ

ಹೋಂಸ್ಟೇಯ ಮಾಲೀಕರು ಐವತ್ತು ದಾಟಿದ ಹೆಂಗಸು, ತೋಟವನ್ನೂ ತಾವೇ ನೋಡಿಕೊಳ್ಳುವವರು. ಬೆಂಗಳೂರಿನ ಒಬ್ಬ ಪ್ರವಾಸಿ ಏಜೆಂಟರು ಬಕ್ರೀದ್ ರಜೆಗೆ ಸೌದಿಯಿಂದ ಒಂದು ಕುಟುಂಬವನ್ನು ಕಳುಹಿಸುವವರಿದ್ದರು. ದರಗಳು ಅರಬ್ಬಿಯಲ್ಲಿ ಬೇಕೆಂದು ಕೇಳಿದ್ದರು. ಮಾಲೀಕರು ಅಂಗಳದ ಹಲಗೆಯ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ನನಗೆ ಕಳುಹಿಸಿ, ಫೋನಿನಲ್ಲಿ ಒಂದೇ ಮಾತು ಹೇಳಿದರು: "ಪೂರ್ತಿ ಅರಬ್ಬಿಯಲ್ಲೇ ಇರಲಿ, ಅಂಕಿಯೂ ಅರಬ್ಬಿ ಅಂಕಿಯೇ ಹಾಕಿಬಿಡಿ."

ಹಲಗೆಯಲ್ಲಿದ್ದದ್ದು ನಾಲ್ಕು ಸಾಲು. ಮೇಲಿನ ಮೂರನ್ನು ಬಣ್ಣದಲ್ಲಿ ಕನ್ನಡ ಅಂಕಿಗಳಲ್ಲಿ ಬರೆಸಿದ್ದರು: ಕೊಠಡಿ ದಿನಕ್ಕೆ ರೂ. ೪,೫೦೦/-, ಜೀಪು ಒಂದು ಸುತ್ತಿಗೆ ರೂ. ೨,೫೦೦/-, ಕಾಫಿ ಪುಡಿ ಕೆ.ಜಿ.ಗೆ ರೂ. ೬೫೦/-. ಕೆಳಗಿನ ಕಪ್ಪು ಪಟ್ಟಿಯಲ್ಲಿ ಸೀಮೆಸುಣ್ಣದಿಂದ, "ದಿ. ೭/೬ ರಿಂದ ೯/೬ ರವರೆಗೆ ಗುಡ್ಡದ ದಾರಿ ದುರಸ್ತಿ, ಜೀಪು ಇಲ್ಲ" ಎಂದಿತ್ತು.

ಭಾಷಾಂತರಕ್ಕೆ ನಾನು ಹೋದದ್ದು ನಮ್ಮ ಬೀದಿಯ ಹಿರಿಯರೊಬ್ಬರ ಬಳಿಗೆ. ಅವರು ಜೆಡ್ಡಾದಲ್ಲಿ ಬಹಳ ವರ್ಷ ಲೆಕ್ಕ ಬರೆದವರು. ನಾವೆಲ್ಲ ಅವರನ್ನು ಸಾಹೇಬರು ಎನ್ನುತ್ತೇವೆ. ಮಾತು ಅವರದು, ಪುಟ ನನ್ನದು ಎಂದು ಕೆಲಸ ಹಂಚಿಕೊಂಡೆವು. ಹಾಗೆ ಹಂಚಿಕೊಂಡಾಗ ಅಂಕಿ ಯಾರ ಪಾಲು ಎಂಬುದನ್ನು ಮಾತ್ರ ನಾವು ಮಾತಾಡಿಕೊಳ್ಳಲಿಲ್ಲ.

ಮೊದಲ ಪ್ರತಿ

ಸಾಹೇಬರು ಮೊದಲು ಕೇಳಿದ್ದೇ, "ಅರಬ್ಬಿ ಅಂಕಿ ಎಂದರೆ ಯಾವುದು?" ಎಂದು. ಪ್ರಶ್ನೆ ನನಗೆ ಅರ್ಥವಾಗಲಿಲ್ಲ. ಅವರು ಕಾಗದದ ಮೇಲೆ ಎರಡು ಸಾಲು ಬರೆದು ತೋರಿಸಿದರು. ಒಂದು ನಾವು ದಿನವೂ ಬರೆಯುವ 0 1 2 3. ಇನ್ನೊಂದು ಸೌದಿ, ಈಜಿಪ್ಟ್, ಇರಾಕ್ ಕಡೆ ಬಳಕೆಯಲ್ಲಿರುವ ಸಾಲು:

```
0 1 2 3 4 5 6 7 8 9
٠ ١ ٢ ٣ ٤ ٥ ٦ ٧ ٨ ٩
```

ಅರಬ್ಬಿಯಲ್ಲಿ ಎರಡನೆಯ ಸಾಲಿಗೆ 'ಹಿಂದಿ ಅಂಕಿ' ಎನ್ನುತ್ತಾರೆ, ಭಾರತದಿಂದ ಹೋದದ್ದೆಂಬ ಅರ್ಥದಲ್ಲಿ. ಮೊದಲನೆಯ ಸಾಲಿಗೆ 'ಅರಬ್ಬಿ ಅಂಕಿ' ಎನ್ನುತ್ತಾರೆ. ಮೊರಾಕ್ಕೊ, ಅಲ್ಜೀರಿಯಾ, ಟುನೀಶಿಯಾಗಳಲ್ಲಿ ಅರಬ್ಬಿ ಬರಹದ ನಡುವೆಯೂ ಬರುವುದು ಅದೇ. ನಮ್ಮ ಸಂವಿಧಾನದ 343ನೆಯ ವಿಧಿಯಾದರೋ ಅದೇ 1, 2, 3ನ್ನು 'ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪ' ಎಂದು ಕರೆಯುತ್ತದೆ. ಹಾಗಾಗಿ ಗಿರಾಕಿ "ಅರಬ್ಬಿ ಅಂಕಿ ಹಾಕಿ" ಎಂದಾಗ ಕೆಲಸ ಮಾಡುವವರಿಗೆ ಏನೂ ಹೇಳಿದಂತಾಗುವುದಿಲ್ಲ. ಮಾಲೀಕರಿಗೆ ಮತ್ತೆ ಫೋನ್ ಮಾಡಿದಾಗ ಅವರು, "ಅವರ ಊರಿನಲ್ಲಿ ಹೇಗೋ ಹಾಗೆ" ಎಂದರು. ಅತಿಥಿಗಳು ಸೌದಿಯವರು. ಎರಡನೆಯ ಸಾಲನ್ನೇ ಆರಿಸಿದೆವು. ಆ ಹೊತ್ತಿಗೆ ಅದು ಸರಿಯಾದ ಆಯ್ಕೆಯಾಗಿಯೇ ಕಂಡಿತು.

ಮೊದಲ ಕರಡಿನಲ್ಲಿ ಮೂರು ತೊಡಕುಗಳು ಕಂಡವು. ಮೂರೂ ಮುದ್ರಣಕ್ಕೆ ಮುಂಚೆಯೇ ಸಿಕ್ಕವು.

ಮೊದಲನೆಯದು ಫೋಟೋದ್ದೇ. ಕಾಫಿ ಪುಡಿಯ ಸಾಲಿನ ಮೇಲೆ ನೀರು ಇಳಿದು ಬಣ್ಣ ಹರಡಿತ್ತು. ೬೫೦ ಎಂದು ನಾನು ಓದಿದ್ದನ್ನು ಸಾಹೇಬರು ೯೫೦ ಎಂದು ಓದಿದರು. ಕನ್ನಡದ ೬ ಮತ್ತು ೯ರ ವ್ಯತ್ಯಾಸವಿರುವುದು ಬಾಲ ಯಾವ ಕಡೆಗೆ ತಿರುಗಿದೆ ಎಂಬುದರಲ್ಲಿ. ಅಲ್ಲಿಯೇ ಬಣ್ಣ ಮಾಸಿದ್ದರೆ ಚಿತ್ರವನ್ನು ಎಷ್ಟು ದೊಡ್ಡದು ಮಾಡಿದರೂ ಪ್ರಯೋಜನವಿಲ್ಲ. ಅಕ್ಷರ ಮಾಸಿದರೆ ಅಕ್ಕಪಕ್ಕದ ಮಾತು ನೆರವಿಗೆ ಬರುತ್ತದೆ, ಅಂಕಿಗೆ ಆ ನೆರವಿಲ್ಲ. ೬೫೦ ಆದರೂ ೯೫೦ ಆದರೂ ವಾಕ್ಯ ಸರಿಯಾಗಿಯೇ ಇರುತ್ತದೆ. ಪುಡಿಯ ಪೊಟ್ಟಣದ ಚೀಟಿಯನ್ನು ಹಿಂದೆ ನಾನೇ ಮುದ್ರಿಸಿದ್ದರಿಂದ ಹಳೆಯ ಕಡತ ತೆಗೆದು ನೋಡಿದೆ. 650 ಎಂದು ಖಚಿತವಾಯಿತು. ಫೋಟೋದಲ್ಲಿ ಒಮ್ಮೆ ಮಾತ್ರ ಕಂಡ ಮೊತ್ತವನ್ನು ಇನ್ನೊಂದು ಕಡೆ ನೋಡದೆ ಅನುವಾದಿಸಬಾರದೆಂದು ಅಂದಿನಿಂದ ಇಟ್ಟುಕೊಂಡಿದ್ದೇನೆ.

ಎರಡನೆಯದು ನನ್ನ ಕೀಲಿಮಣೆ. ನಮ್ಮಲ್ಲಿ ಉರ್ದು ಮದುವೆ ಪತ್ರಿಕೆಗಳ ಕೆಲಸ ಬರುವುದರಿಂದ ಗಣಕದಲ್ಲಿ ಉರ್ದು ಕೀಲಿಮಣೆ ಇತ್ತು. ಅಂಕಿಗಳನ್ನು ನಾನು ಅದರಲ್ಲೇ ಹೊಡೆದಿದ್ದೆ. ಸಾಹೇಬರು ಕೊಠಡಿಯ ದರ ನೋಡಿ, "ಈ ನಾಲ್ಕು ಅರಬ್ಬಿಯ ನಾಲ್ಕಲ್ಲ, ನಮ್ಮ ಉರ್ದುವಿನದು" ಎಂದರು. ಅರಬ್ಬಿ ಮತ್ತು ಉರ್ದು ಸಾಲುಗಳ ಹೆಚ್ಚಿನ ಅಂಕಿಗಳು ಒಂದೇ ಥರ ಕಾಣುತ್ತವೆ, ಮುಖ್ಯವಾಗಿ 4, 5, 6ರಲ್ಲಿ ಬೇರೆಯಾಗುತ್ತವೆ. ಗಣಕಕ್ಕಂತೂ ಅವು ಬೇರೆಯೇ ಸಂಕೇತಗಳು:

```
ಅರಬ್ಬಿ          ٤ ٥ ٦   U+0664 U+0665 U+0666
ಫಾರಸಿ, ಉರ್ದು   ۴ ۵ ۶   U+06F4 U+06F5 U+06F6
```

ಚಿಕ್ಕಮಗಳೂರು, ಹಾಸನದಂತಹ ಊರುಗಳಲ್ಲಿ ಅರಬ್ಬಿ ಲಿಪಿಯ ಕೆಲಸ ಉರ್ದು ಬಲ್ಲವರ ಕೈಯಿಂದಲೇ ಆಗುವುದು ಸಹಜ. ಆದ್ದರಿಂದ ಈ ತಪ್ಪು ನಮ್ಮ ಕಡೆ ಸುಲಭವಾಗಿ ನುಸುಳುತ್ತದೆ. ಕರಡಿನಲ್ಲಿ 4 ಇರುವ ಒಂದು ಮೊತ್ತವನ್ನು ನೋಡಿದರೆ ಸಾಕು, ಯಾವ ಸಾಲು ಬಂದಿದೆ ಎಂದು ತಿಳಿಯುತ್ತದೆ.

ಮೂರನೆಯದು ನನ್ನನ್ನು ನಿಜಕ್ಕೂ ಬೆಚ್ಚಿಬೀಳಿಸಿತು. 'ರೂ.' ಎಂದು ನಾವು ಬರೆಯುವಂತೆಯೇ ಅರಬ್ಬಿಯ ಒಂದು ಅಕ್ಷರ ಹಾಕಿ ಚುಕ್ಕೆ ಇಟ್ಟು, ಅದಕ್ಕೆ ತಗುಲಿಸಿ 4500 ಬರೆದಿದ್ದೆ. ಅರಬ್ಬಿ ಬರಹ ಬಲದಿಂದ ಎಡಕ್ಕೆ ಹೋಗುತ್ತದೆ, ಆದರೆ ಸಂಖ್ಯೆಯೊಳಗಿನ ಅಂಕಿಗಳು ನಮ್ಮಂತೆಯೇ ಎಡದಿಂದ ಬಲಕ್ಕೆ ನಿಲ್ಲುತ್ತವೆ. ಹೀಗಾಗಿ ಸಂಖ್ಯೆಯ ಕೊನೆಯ ಸೊನ್ನೆಯ ಪಕ್ಕಕ್ಕೇ ಆ ಚುಕ್ಕೆ ಬಂದು ಕೂತಿತು. ಆ ಸಾಲಿನಲ್ಲಿ ಸೊನ್ನೆಯೇ ಒಂದು ಚುಕ್ಕೆ. ಸಾಹೇಬರು ಬೆರಳಿಟ್ಟು, "ಇದು ನಲವತ್ತೈದು ಸಾವಿರ" ಎಂದರು. ಸೊನ್ನೆ ಸ್ವಲ್ಪ ಮೇಲೆ, ಚುಕ್ಕೆ ಸಾಲಿನ ತಳಕ್ಕೆ ಇರುತ್ತದೆ ನಿಜ, ಆದರೆ ಮೊಬೈಲ್ ಪರದೆಯಲ್ಲಿ ಅಷ್ಟನ್ನು ಯಾರು ಅಳೆಯುತ್ತಾರೆ? ಸಂಕ್ಷೇಪವನ್ನು ತೆಗೆದು 'ರೂಬಿಯ್ಯಾ' ಎಂದು ಪೂರ್ತಿ ಪದವನ್ನು ಸಂಖ್ಯೆಯ ನಂತರ ಬರೆಸಿದೆವು. ಮೊತ್ತದ ಕೊನೆಯಲ್ಲಿ ನಾವು ಎಳೆಯುವ '/-' ಅರಬ್ಬಿ ಓದುಗರಿಗೆ ಅರ್ಥವಿಲ್ಲದ ಗೀಟು, ಅದನ್ನೂ ಬಿಟ್ಟೆವು.

ಇಷ್ಟು ಎಚ್ಚರ ವಹಿಸಿದವರು ಕೊನೆಯ ಸಾಲನ್ನು ಮಾತ್ರ ಹಲಗೆಯಲ್ಲಿದ್ದಂತೆಯೇ ಬಿಟ್ಟೆವು. ೭/೬ ಎಂಬಲ್ಲಿ ٧/٦, ೯/೬ ಎಂಬಲ್ಲಿ ٩/٦. ಅಂಕಿಗೆ ಅಂಕಿ ಸರಿಯಾಗಿತ್ತು. ಪುಟವನ್ನು ಚಿತ್ರವಾಗಿ ಮಾಡಿ ಏಜೆಂಟರಿಗೆ ಕಳುಹಿಸಿದೆ, ಅವರು ಅತಿಥಿಗಳಿಗೆ ಕಳುಹಿಸಿದರು.

ಜೂನ್ 7, ಶನಿವಾರ

ಆ ವರ್ಷ ಸೌದಿಯಲ್ಲಿ ಬಕ್ರೀದ್ ಜೂನ್ 6ಕ್ಕೆ, ನಮ್ಮಲ್ಲಿ 7ಕ್ಕೆ. ಕುಟುಂಬ 7ರ ಬೆಳಿಗ್ಗೆಯೇ ಬಂದಿಳಿಯಿತು. ತಂದೆ, ತಾಯಿ, ಮೂವರು ಮಕ್ಕಳು, ಜೊತೆಗೊಬ್ಬ ಅಜ್ಜಿ. ಕೈಚೀಲ ಇಳಿಸುವ ಮೊದಲೇ ಮಕ್ಕಳು ಜೀಪು ಎಲ್ಲಿ ಎಂದು ಕೇಳಿದರಂತೆ. ದಾರಿ ಬಂದ್ ಎಂದು ಮಾಲೀಕರು ಹೇಳಿದಾಗ ತಂದೆ ಮೊಬೈಲಿನಲ್ಲಿದ್ದ ನಮ್ಮ ಚಿತ್ರವನ್ನು ತೋರಿಸಿ, ದಾರಿ ಮುಚ್ಚುವುದು ಜುಲೈ 6ರಿಂದ ಸೆಪ್ಟೆಂಬರ್ 6ರವರೆಗೆ, ಮಳೆಗಾಲಕ್ಕೆ ಎಂದು ನೀವೇ ಬರೆದಿದ್ದೀರಲ್ಲ ಎಂದರು. ಅವರ ಮಾತಿನಲ್ಲಿ ತಪ್ಪೇ ಇರಲಿಲ್ಲ. ಮಲೆನಾಡಿನ ಗುಡ್ಡದ ದಾರಿ ಜುಲೈಯಿಂದ ಎರಡು ತಿಂಗಳು ಮುಚ್ಚುತ್ತದೆ ಎಂದರೆ ನಾನೂ ನಂಬುತ್ತಿದ್ದೆ.

ಮಾಲೀಕರ ಮನೆಯ ಹುಡುಗ ಆ ಚಿತ್ರವನ್ನು ನೋಡಿ, "ಹೌದು ಅಮ್ಮಾ, ಇಲ್ಲಿ ಏಳು ಅಂತಲೇ ಇದೆ" ಎಂದನಂತೆ. ಅವನು ಬೆರಳಿಟ್ಟು ತೋರಿಸಿದ್ದು ٦ರ ಮೇಲೆ. ಅರಬ್ಬಿಯ ಆರು ನಮ್ಮ ಕಣ್ಣಿಗೆ 7ರಂತೆಯೇ ಕಾಣುತ್ತದೆ. ಮಾಲೀಕರು ನನಗೆ ಫೋನ್ ಮಾಡಿದರು. ನಾನು ಸಾಹೇಬರಿಗೆ ಮಾಡಿದೆ. ಅವರು ಹಬ್ಬದ ನಮಾಜಿನಲ್ಲಿದ್ದರು. ಅರಬ್ಬಿ ಬಾರದ ನಾನು, ಅರಬ್ಬಿ ಬಾರದ ಮಾಲೀಕರು, ಕನ್ನಡ ಬಾರದ ಅತಿಥಿ, ಮೂವರ ನಡುವೆ ಯಾರೂ ಪರೀಕ್ಷಿಸಲಾಗದ ಒಂದು ಕಾಗದ. ನನಗೆ ಆ ಹೊತ್ತು ಬಹಳ ಸಂಕಟವಾಯಿತು. ಅತಿಥಿಗಳನ್ನು ಅಂದು ತೋಟದಲ್ಲೇ ಸುತ್ತಾಡಿಸಿದರು. 9ಕ್ಕೆ ಅವರು ಹೊರಡುವವರಿದ್ದರು. ಜೀಪು ಹತ್ತದೆಯೇ ಹೊರಟರು.

ಎಲ್ಲಿ ತಪ್ಪಿತು

ಸಂಜೆ ಸಾಹೇಬರು ಅಂಗಡಿಗೆ ಬಂದರು. ಚಿತ್ರವನ್ನು ನೋಡಿದ ತಕ್ಷಣ ಅವರಿಗೆ ಗೊತ್ತಾಯಿತು. ಅರಬ್ಬಿ ಓದುಗನ ಕಣ್ಣು ಬಲದಿಂದ ಶುರುವಾಗುತ್ತದೆ. ಕೈಯಲ್ಲಿ ತಾರೀಖು ಬರೆಯುವಾಗ ಅವರು ದಿನವನ್ನು ಬಲಕ್ಕೆ, ತಿಂಗಳನ್ನು ಅದರ ಎಡಕ್ಕೆ, ವರ್ಷವನ್ನು ಇನ್ನೂ ಎಡಕ್ಕೆ ಬರೆಯುತ್ತಾರೆ. ನಮ್ಮ ಪುಟದಲ್ಲಿ 7 ಎಡಕ್ಕೂ 6 ಬಲಕ್ಕೂ ಇತ್ತು. ಬಲದಿಂದ ಓದಿದರೆ ಆರನೆಯ ತಾರೀಖು, ಏಳನೆಯ ತಿಂಗಳು.

ಹಾಗಾದರೆ ಸಾಹೇಬರು ಬರೆದುಕೊಟ್ಟಾಗ ಅದೇಕೆ ಕಾಣಲಿಲ್ಲ? ಅವರು ಕಾಗದದಲ್ಲಿ ದಿನವನ್ನು ಬಲಕ್ಕೇ ಬರೆದಿದ್ದರು. ನಾನು ಗಣಕದಲ್ಲಿ ಮೊದಲು 7, ಆಮೇಲೆ ಓರೆಗೆರೆ, ಆಮೇಲೆ 6 ಹೊಡೆದಿದ್ದೆ. ಉಳಿದದ್ದನ್ನು ಗಣಕ ತನ್ನ ನಿಯಮದಂತೆ ಜೋಡಿಸಿತ್ತು. ಆ ನಿಯಮವನ್ನು ಈಗ ನಿಮ್ಮ ಪರದೆಯ ಮೇಲೆಯೇ ನೋಡಬಹುದು. ಕೆಳಗಿನ ಎರಡರಲ್ಲೂ ನಾನು ಹೊಡೆದ ಕ್ರಮ ಒಂದೇ, ಮೊದಲು ಏಳು, ಆಮೇಲೆ ಆರು. ನಡುವಿನ ಗುರುತು ಮಾತ್ರ ಬೇರೆ:

```
٧/٦
```

```
٧-٦
```

ಓರೆಗೆರೆ ಇದ್ದಲ್ಲಿ ಏಳು ಎಡಕ್ಕೆ ನಿಲ್ಲುತ್ತದೆ, ಅಡ್ಡಗೆರೆ ಇದ್ದಲ್ಲಿ ಬಲಕ್ಕೆ ಹಾರುತ್ತದೆ. ಎರಡು ದಿಕ್ಕಿನ ಬರಹವನ್ನು ಜೋಡಿಸುವ ಯೂನಿಕೋಡ್ ನಿಯಮದಲ್ಲಿ ಓರೆಗೆರೆ, ಚುಕ್ಕೆ, ಅಲ್ಪವಿರಾಮಗಳು ಅಂಕಿಗಳ ನಡುವೆ ಒಂದೇ ಒಂದು ಬಂದರೆ ಇಡೀ ಜೋಡಿ ಒಂದೇ ಸಂಖ್ಯೆ ಎಂಬಂತೆ ನಡೆಯುತ್ತದೆ, ಎಡದಿಂದ ಬಲಕ್ಕೆ. ಅಡ್ಡಗೆರೆಗೆ ಅರಬ್ಬಿ ಅಂಕಿಗಳ ನಡುವೆ ಆ ಸೌಲಭ್ಯವಿಲ್ಲ. ಅಲ್ಲಿ ಎರಡು ಸಂಖ್ಯೆಗಳು ಬಿಡಿಬಿಡಿಯಾಗಿ ಬಲದಿಂದ ಎಡಕ್ಕೆ ಸಾಲಾಗುತ್ತವೆ. ಓರೆಗೆರೆಯಿಂದಲೇ ಸರಿಯಾದ ಕ್ರಮ ಬೇಕಿದ್ದರೆ ಅದರ ಮುಂಚೆ ಕಣ್ಣಿಗೆ ಕಾಣದ ದಿಕ್ಕಿನ ಗುರುತು, U+200F, ಸೇರಿಸಬೇಕು.

ನಾನು ಆಗ, "ಹಾಗಾದರೆ ಈ ಅಂಕಿಗಳೇ ಬೇಡ, 1, 2, 3 ಹಾಕಿದರೆ ಮುಗಿಯಿತಲ್ಲ" ಎಂದೆ. ಅದೂ ನಿಲ್ಲಲಿಲ್ಲ. ಅರಬ್ಬಿ ಪದದ ನಂತರ 7/6 ಹೊಡೆದು ನೋಡಿದೆವು. ಅದು ಹಾಗೆಯೇ ಎಡಕ್ಕೆ ಏಳಾಗಿ ನಿಂತಿತು. 7-6 ಹೊಡೆದೆವು, ಅರಬ್ಬಿ ಅಕ್ಷರದ ಬೆನ್ನಿಗೆ ಬಂದ 1, 2, 3ಕ್ಕೂ ಅದೇ ನಿಯಮ ಅನ್ವಯಿಸಿ ತಿರುಗಿತು. ಅದೇ 7-6ನ್ನು ಸಾಲಿನ ಮೊದಲಿಗೆ, ಯಾವ ಅರಬ್ಬಿ ಅಕ್ಷರವೂ ಇಲ್ಲದ ಕಡೆ ಹೊಡೆದರೆ ತಿರುಗಲಿಲ್ಲ. ಅಂಕಿಯ ಆಕಾರ ಒಂದು ಪ್ರಶ್ನೆ, ತಾರೀಖಿನ ಕ್ರಮ ಇನ್ನೊಂದು ಪ್ರಶ್ನೆ ಎಂದು ನನಗೆ ಅಂದು ಸ್ಪಷ್ಟವಾಯಿತು. ಒಂದನ್ನು ಬದಲಿಸಿ ಇನ್ನೊಂದನ್ನು ಸರಿಪಡಿಸಲಾಗದು.

ಎರಡನೆಯ ಪ್ರತಿ

ತಾರೀಖಿನ ಪರಿಹಾರ ಬೇಗ ಸಿಕ್ಕಿತು: ತಿಂಗಳನ್ನು ಪದದಲ್ಲಿ ಬರೆಯುವುದು. ಆದರೆ ಅಲ್ಲೂ ಒಂದು ತಿರುವಿದೆ. ಈಜಿಪ್ಟ್ ಮತ್ತು ಕೊಲ್ಲಿ ದೇಶಗಳಲ್ಲಿ ಜೂನ್ 'ಯೂನ್ಯೂ', ಜುಲೈ 'ಯೂಲ್ಯೂ'. ಬರಹದಲ್ಲಿ ನಡುವಿನ ಒಂದೇ ಅಕ್ಷರದ ವ್ಯತ್ಯಾಸ. ಇರಾಕ್, ಸಿರಿಯಾ ಕಡೆ ಜೂನ್‌ಗೆ 'ಹಝೀರಾನ್', ಅಲ್ಜೀರಿಯಾದಲ್ಲಿ 'ಜುವಾನ್'. ಸಾಹೇಬರು ಜೂನ್‌ಗೆ 'ಯೂನ್ಯೂ', 'ಹಝೀರಾನ್' ಎರಡನ್ನೂ ಜೊತೆಯಾಗಿ ಬರೆದು, ಪಕ್ಕದಲ್ಲಿ ವಾರವನ್ನೂ ಸೇರಿಸೋಣ ಎಂದರು. ವಾರ ಸೇರಿದರೆ ತಾರೀಖು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ: 2025ರ ಜೂನ್ 7 ಶನಿವಾರ, ಜುಲೈ 6 ಭಾನುವಾರ. ವರ್ಷವನ್ನೂ ಬಿಡದೆ ಬರೆಯುವುದೆಂದಾಯಿತು.

ದರಗಳ ಬಗ್ಗೆ ನಮ್ಮಲ್ಲಿ ನಿಜವಾದ ವಾದ ನಡೆಯಿತು. ಸಾಹೇಬರಿಗೆ ಹಳೆಯ ಅಂಕಿಗಳನ್ನು ಬಿಡಲು ಮನಸ್ಸಿರಲಿಲ್ಲ. ಆ ಅಜ್ಜಿಯಂಥವರಿಗೆ ಅವೇ ಕಣ್ಣಿಗೆ ಹತ್ತಿರ, ಅತಿಥಿಗೆ ಅವರ ಅಂಕಿಯಲ್ಲೇ ಲೆಕ್ಕ ಹೇಳುವುದು ಮರ್ಯಾದೆ ಎಂಬುದು ಅವರ ಮಾತು. ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ನಾನು ಅವರ ಮುಂದೆ ಐನೂರರ ನೋಟು ಇಟ್ಟೆ. ಅದರ ಮೇಲೆ 500 ಇದೆ, ನಾಗರಿಯ ५०० ಇದೆ, ಹಿಂಬದಿಯ ಭಾಷಾ ಪಟ್ಟಿಯಲ್ಲಿ ಕನ್ನಡವೂ ಉರ್ದುವೂ ಇವೆ. ٥٠٠ ಎಂಬುದು ಎಲ್ಲಿಯೂ ಇಲ್ಲ. ಸೌದಿಯ ನೋಟಾದರೆ ಎರಡೂ ಬಗೆಯ ಅಂಕಿ ಅದರ ಮೇಲೆಯೇ ಇರುತ್ತದೆ. ಇಲ್ಲಿ ಆ ಅತಿಥಿ ನಮ್ಮ ದರಪಟ್ಟಿಯನ್ನು ಹಿಡಿದು ಬಿಲ್ಲಿನ ಜೊತೆ, ನೋಟಿನ ಜೊತೆ, ಕಾರ್ಡ್ ಯಂತ್ರದ ಪರದೆಯ ಜೊತೆ ಹೋಲಿಸಬೇಕು. ಆ ಮೂರೂ 1, 2, 3ರಲ್ಲಿವೆ. ಮನೆಯ ಹುಡುಗನೂ ಅದೇ ಪಟ್ಟಿಯನ್ನು ನೋಡಿ ಹಣ ಎಣಿಸಬೇಕು. ٥٠٠ ಅವನ ಕಣ್ಣಿಗೆ ಒಂದು ಸೊನ್ನೆ, ಎರಡು ಚುಕ್ಕೆ. ಅಷ್ಟರಲ್ಲಿ ಏಜೆಂಟರಿಂದ ಇನ್ನೊಂದು ಸುದ್ದಿಯೂ ಬಂದಿತ್ತು: ಮುಂದಿನ ಅತಿಥಿಗಳು ಮೊರಾಕ್ಕೊದ ದಂಪತಿ.

ಎರಡನ್ನೂ ಅಕ್ಕಪಕ್ಕ ಹಾಕಿ ಒಂದು ಮಾದರಿ ಮಾಡಿದೆವು. ಒಂದೇ ಸಾಲಿನಲ್ಲಿ ಎರಡು ಬಗೆಯ ಸಂಖ್ಯೆ, ನಡುವೆ ಮತ್ತೆ ಓರೆಗೆರೆ. ನೋಡಿದವರಿಗೆ ಎರಡು ಬೇರೆ ದರಗಳಿವೆಯೇನೋ ಎನಿಸುವಂತಿತ್ತು. ಸಾಹೇಬರೇ ಅದನ್ನು ಬದಿಗೆ ಸರಿಸಿದರು.

ಕೊನೆಗೆ ಒಪ್ಪಿದ್ದು ಹೀಗೆ. ದರ, ತಾರೀಖು, ಫೋನ್ ಸಂಖ್ಯೆ ಎಲ್ಲವೂ 1, 2, 3ರಲ್ಲಿ. ಪುಟದ ಯಾವ ಮೂಲೆಯಲ್ಲೂ ಬೆರಕೆ ಇಲ್ಲ. ಪುಟದ ತಳದಲ್ಲಿ ಮಾತ್ರ ಮೇಲೆ ತೋರಿಸಿದಂತೆ ಎರಡು ಸಾಲು, ಸೊನ್ನೆಯಿಂದ ಒಂಬತ್ತರವರೆಗೆ, ಒಂದರ ಕೆಳಗೆ ಒಂದು. ಇಡೀ ತೋಟವನ್ನು ಕಾರ್ಯಕ್ರಮಕ್ಕೆ ಕೊಡುವ ದರವನ್ನು ಮಾಲೀಕರು ಹೊಸದಾಗಿ ಸೇರಿಸಿದ್ದರು, 1,20,000. ಅದನ್ನು ಅರಬ್ಬಿಯಲ್ಲಿ 120,000 ಎಂದು ಮಾಡಿದೆವು. ಲಕ್ಷದ ಅಲ್ಪವಿರಾಮ ಅವರಿಗೆ ಬೆರಳಚ್ಚಿನ ತಪ್ಪಾಗಿ ಕಾಣುತ್ತದೆ.

ಆಮೇಲೆ

ಮೊರಾಕ್ಕೊದ ದಂಪತಿ ಬಂದು ಹೋದರು. ಅಂಕಿಯ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ ಎಂದು ಮಾಲೀಕರು ಹೇಳಿದರು. ಅಕ್ಟೋಬರ್‌ನಲ್ಲಿ ಸೌದಿಯ ಇನ್ನೊಂದು ಕುಟುಂಬ ಬಂತು. ಅವರಲ್ಲೂ ಒಬ್ಬ ಅಜ್ಜ ಇದ್ದರು. ಅವರು ಪುಟದ ತಳದ ಎರಡು ಸಾಲಿನ ಮೇಲೆ ಬೆರಳಾಡಿಸುತ್ತ ಕಾಫಿ ಪುಡಿಯ ದರವನ್ನು ಹುಡುಗನಿಗೆ ಅರಬ್ಬಿಯಲ್ಲಿ ಓದಿ ಹೇಳಿದರಂತೆ, ಹುಡುಗ ಅದೇ ಸಾಲನ್ನು ನೋಡಿ ಕನ್ನಡದಲ್ಲಿ ಹೇಳಿದನಂತೆ. ಆ ಎರಡು ಸಾಲನ್ನು ಹಾಕಲು ಹಟ ಹಿಡಿದವರು ಸಾಹೇಬರು, ನಾನಲ್ಲ.

ಈ ತೀರ್ಮಾನ ಈ ಪುಟಕ್ಕೆ ಮಾತ್ರ ಸೇರಿದ್ದು. ಇದೇ ದರಪಟ್ಟಿಯನ್ನು ರಿಯಾದ್ ಅಥವಾ ಕೈರೋದ ಪತ್ರಿಕೆಯಲ್ಲಿ ಜಾಹೀರಾತಾಗಿ ಅಚ್ಚು ಹಾಕಿಸುವುದಿದ್ದರೆ ಆ ಪತ್ರಿಕೆಯ ಉಳಿದ ಪುಟಗಳಲ್ಲಿ ಯಾವ ಅಂಕಿ ಇದೆಯೋ ಅದನ್ನೇ ನಾನು ಹಾಕುತ್ತಿದ್ದೆ. ಇಲ್ಲಿ ಸಂಖ್ಯೆ ಕಾಗದದಿಂದ ಎದ್ದು ನೋಟಿಗೂ ಬಿಲ್ಲಿಗೂ ಹೋಗಬೇಕಿತ್ತು. ಅದು ಹೋಗಿ ಸೇರುವ ಜಾಗದ ಆಕಾರವನ್ನು ನಾವು ಆರಿಸಿದೆವು.

ಹಲಗೆಗೆ ಹೊಸ ಬಣ್ಣ ಬಂದಿದೆ, ೬ರ ಬಾಲ ಈಗ ದೂರದಿಂದಲೇ ಕಾಣುತ್ತದೆ. ಕೆಳಗಿನ ಕಪ್ಪು ಪಟ್ಟಿಯಲ್ಲಿ ಸೀಮೆಸುಣ್ಣದ ಬರಹ ಮಾತ್ರ ಹಿಂದಿನಂತೆಯೇ, ಅಂಕಿ, ಓರೆಗೆರೆ, ಅಂಕಿ. ಫೋಟೋ ಬಂದೊಡನೆ ನಾನು ಕಡತ ತೆರೆಯುವ ಮೊದಲು ಮಾಲೀಕರಿಗೆ ಫೋನ್ ಮಾಡಿ, "ಅಮ್ಮಾ, ಅದು ಯಾವ ತಿಂಗಳು, ಯಾವ ವಾರ?" ಎಂದು ಕೇಳುತ್ತೇನೆ. ಅವರು ಕ್ಯಾಲೆಂಡರಿನ ಹಾಳೆ ತಿರುವುವ ಸದ್ದು ಕೇಳಿಸುತ್ತದೆ.